ಇಲ್ಲಿಯವರೆಗೆ, ಹಿಂದೆ, ಈಗ: ಒಂದು ರನ್ನಿಂಗ್ ಬಿಲ್ಲಿನ ಓದು

ಕಂಟ್ರಾಕ್ಟರ್ ತಂದಿಟ್ಟ ಬಿಲ್ಲನ್ನು ಕಟ್ಟಡದ ಯಜಮಾನರು ಓದುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೊದಲ ಹಾಳೆ ತೆಗೆಯುತ್ತಾರೆ, ಕಣ್ಣು ನೇರವಾಗಿ ತಳಕ್ಕೆ ಹೋಗುತ್ತದೆ, ಅಲ್ಲಿರುವ ನಿವ್ವಳ ಮೊತ್ತ ನೋಡಿ ಒಂದು ನಿಟ್ಟುಸಿರು. ಆಮೇಲೆ ಅದರ ಮೇಲಿನ ಕಡಿತಗಳ ಸಾಲು. ಕಡಿತ ಜಾಸ್ತಿ ಇದ್ದರೆ ಸಮಾಧಾನ, ಕಡಿಮೆ ಇದ್ದರೆ ಅನುಮಾನ. ಹಿಂದೆ ಪಿನ್ ಹೊಡೆದಿರುವ ಮೂವತ್ತು ನಲವತ್ತು ಪುಟಗಳ ಅಳತೆ ಹಾಳೆಯನ್ನು ತಿರುವಿಹಾಕಿ, ಸೈಟ್ ಇಂಜಿನಿಯರ್ ಸಹಿ ಇದೆಯೇ ಎಂದು ನೋಡಿ ಮುಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಪೂರ್ತಿ ತಲೆಕೆಳಗಾದ ಓದು. ಈ ಬಿಲ್ಲಿನಲ್ಲಿ ಕೊನೆಯ ಸಾಲಿನಷ್ಟು ಕಡಿಮೆ ವಿಷಯ ಹೇಳುವ ಸಾಲು ಇನ್ನೊಂದಿಲ್ಲ.

ರನ್ನಿಂಗ್ ಅಕೌಂಟ್ ಬಿಲ್ ಎನ್ನುವ ನಮೂನೆಯನ್ನು ಯಾರು ಮೊದಲು ರೂಪಿಸಿದರೋ, ಅವರಿಗೆ ಮನುಷ್ಯರ ಮೇಲೂ ಅಳತೆ ಪಟ್ಟಿಯ ಮೇಲೂ ಹದವಾದ ಅಪನಂಬಿಕೆ ಇತ್ತು ಎನ್ನಿಸುತ್ತದೆ. ಕೆಲಸ ನಡೆಯುತ್ತಿರುವಾಗ ತೆಗೆದ ಅಳತೆ ತಪ್ಪಬಹುದು, ಅವಸರದಲ್ಲಿ ದಾಖಲಾಗಿರಬಹುದು ಎಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಬಿಲ್ಲಿನಲ್ಲೂ ಕೆಲಸವನ್ನು ಮೊದಲಿನಿಂದ ಎಣಿಸಬೇಕು. ಒಂದೊಂದು ಐಟಂಗೂ ಇಲ್ಲಿಯವರೆಗೆ ಆದ ಒಟ್ಟು ಪ್ರಮಾಣ, ಹಿಂದಿನ ಬಿಲ್ಲಿನವರೆಗೆ ಆದ ಪ್ರಮಾಣ, ಎರಡರ ವ್ಯತ್ಯಾಸವಾಗಿ ಈ ಬಿಲ್ಲಿನ ಪ್ರಮಾಣ. ಈ ಬಿಲ್ಲಿನ ಕೆಲಸವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಅದು ಕಳೆದು ಉಳಿಯುವ ಅಂಕಿ. ಹಾಗಾಗಿ ಎರಡನೇ ಬಿಲ್ಲಿನಲ್ಲಿ ಹತ್ತು ಘನ ಮೀಟರ್ ಹೆಚ್ಚಿಗೆ ಹೋಗಿದ್ದರೂ, ಮೂರನೆಯದರಲ್ಲಿ ಒಟ್ಟು ಸರಿಯಾದರೆ ಹಳೆಯ ತಪ್ಪು ತಾನಾಗಿ ವಾಪಸ್ ಬರುತ್ತದೆ. ಯಾರ ಮೇಲೂ ನೋಟಿಸ್ ಬೇಡ, ಕ್ರೆಡಿಟ್ ನೋಟೂ ಬೇಡ. ಈ ನಮೂನೆಯ ಅತ್ಯುತ್ತಮ ಗುಣ ಇದೇ. ನಮ್ಮ ಊರುಗಳಲ್ಲಿ ಅದನ್ನು ಹಾಳುಮಾಡುವ ರೀತಿಯೂ ಇಲ್ಲಿಂದಲೇ ಶುರುವಾಗುತ್ತದೆ.

ಒಂದು ತಾಲ್ಲೂಕು ಕೇಂದ್ರದ ಶಿಕ್ಷಣ ಟ್ರಸ್ಟ್ ಕಟ್ಟಿಸುತ್ತಿದ್ದ ವಿದ್ಯಾರ್ಥಿ ನಿಲಯದ ಮೂರನೇ ರನ್ನಿಂಗ್ ಬಿಲ್ಲನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ನನ್ನ ಮುಂದೆ ತಪಾಸಣೆಗೆ ಬಂದದ್ದು. ಲೆಕ್ಕ ಕಣ್ಣಿಗೆ ಸುಲಭವಾಗಿ ಹಿಡಿಯಲೆಂದು ಅಂಕಿಗಳನ್ನು ಕೊಂಚ ದುಂಡಗಾಗಿಸಿದ್ದೇನೆ. ನೆಲಮಹಡಿ ಮತ್ತು ಒಂದನೇ ಮಹಡಿ, ಐಟಂವಾರು ದರದ ಕರಾರು, ಜಿಎಸ್‌ಟಿ ಬಿಟ್ಟು 2 ಕೋಟಿ ರೂಪಾಯಿ ಮೌಲ್ಯ. ಕೆಲಸ ಶುರುಮಾಡಲು 20 ಲಕ್ಷ ಮುಂಗಡ, ಪ್ರತಿ ಬಿಲ್ಲಿನಲ್ಲಿ 5% ರಿಟೆನ್ಷನ್. ಎರಡನೇ ಬಿಲ್ಲಿನವರೆಗೆ ಒಪ್ಪಿದ ಕೆಲಸ 55 ಲಕ್ಷ. ಮೂರನೆಯದರಲ್ಲಿ ಇಲ್ಲಿಯವರೆಗೆ 90 ಲಕ್ಷ ಎಂದು ಕಂಟ್ರಾಕ್ಟರ್ ಬರೆದಿದ್ದರು, ಅಂದರೆ ಈ ಬಿಲ್ಲಿಗೆ 35 ಲಕ್ಷ. ಅದರಲ್ಲಿ ಮುಂಗಡ ವಸೂಲಿ 3,50,000, ರಿಟೆನ್ಷನ್ 1,57,500 ಕಳೆದು, ತೆರಿಗೆಗಳಿಗೆ ಮೊದಲು ನಿವ್ವಳ 29,92,500. ನೋಡಲು ಲಕ್ಷಣವಾದ ಬಿಲ್ಲು. ಕೂಡಿಸಿದ್ದರಲ್ಲಿ, ಕಳೆದದ್ದರಲ್ಲಿ ಒಂದು ರೂಪಾಯಿಯ ತಪ್ಪಿರಲಿಲ್ಲ.

ಇಂಥ ಬಿಲ್ಲನ್ನು ಹಿಂದಿನ ಪುಟದಿಂದ ಓದಲು ಶುರುಮಾಡಬೇಕು. ಅಳತೆ ಹಾಳೆಯ ಒಂದೊಂದು ಸಾಲಿನಲ್ಲೂ ವಿವರ, ಸಂಖ್ಯೆ, ಉದ್ದ, ಅಗಲ, ಎತ್ತರ ಅಥವಾ ಆಳ, ಕೊನೆಗೆ ಗುಣಲಬ್ಧ ಇರುತ್ತದೆ. ಗುಣಾಕಾರ ಸರಿಯಿದೆಯೇ ಎಂದು ನೋಡುವುದು ಈಗ ಸಮಯ ಹಾಳು. ಎಕ್ಸೆಲ್ ಗುಣಾಕಾರದಲ್ಲಿ ತಪ್ಪುವುದಿಲ್ಲ. ನೋಡಬೇಕಾದದ್ದು ಬೇರೆ. ವಿವರದ ಕಾಲಂನಲ್ಲಿ ಆ ಸಾಲು ಕಟ್ಟಡದ ಯಾವ ಜಾಗದ್ದು ಎಂದು ಗೊತ್ತಾಗುತ್ತದೆಯೇ? ನಕ್ಷೆಯ ಗ್ರಿಡ್ ಹೆಸರು, ಬೀಮಿನ ನಂಬರ್, ಕೋಣೆಯ ನಂಬರ್ ಇದ್ದರೆ ಟೇಪು ಹಿಡಿದುಕೊಂಡು ಹೋಗಿ ಅದೇ ಜಾಗದಲ್ಲಿ ನಿಲ್ಲಬಹುದು. ‘ಒಂದನೇ ಮಹಡಿ ಬೀಮುಗಳು, 186 ಮೀ.’ ಎಂದು ಒಂದೇ ಸಾಲಿದ್ದರೆ ಅದನ್ನು ನಂಬಬಹುದು ಅಥವಾ ನಂಬದಿರಬಹುದು, ಪರೀಕ್ಷಿಸಲು ಬರುವುದಿಲ್ಲ. ನಮ್ಮ ಬಿಲ್ಲಿನ ಹಾಳೆ ಈ ಮಟ್ಟಿಗೆ ಒಳ್ಳೆಯದಾಗಿತ್ತು. ಬೀಮುಗಳನ್ನು ಗುಂಪುಗುಂಪಾಗಿ ಬಿಡಿಸಿ ಬರೆದಿದ್ದರು. ಬರೆದಿದ್ದರಿಂದಲೇ ತಪ್ಪು ಸಿಕ್ಕಿತು ಎನ್ನುವುದನ್ನು ಕಂಟ್ರಾಕ್ಟರ್ ಪರವಾಗಿ ಹೇಳಲೇಬೇಕು.

ಸಾಲು ಹೀಗಿತ್ತು: ಬೀಮ್ ಬಿ-1, ಸಂಖ್ಯೆ 4, ಉದ್ದ 5.77, ಅಗಲ 0.23, ಆಳ 0.45, ಪ್ರಮಾಣ 2.39 ಘನ ಮೀಟರ್. ಕಂಬಗಳ ನಡುವಿನ ದೂರ ಮಧ್ಯದಿಂದ ಮಧ್ಯಕ್ಕೆ 6 ಮೀಟರ್, ಕಂಬದ ಅಗಲ 0.23, ಆದ್ದರಿಂದ ಮುಖದಿಂದ ಮುಖಕ್ಕೆ 5.77. ಅಲ್ಲಿಯವರೆಗೆ ಎಲ್ಲ ಸರಿ. ಆಳ 0.45 ಎನ್ನುವುದೂ ನಕ್ಷೆಯಲ್ಲಿ ಇದ್ದದ್ದೇ, ಬೀಮಿನ ತಳದಿಂದ ಸ್ಲ್ಯಾಬಿನ ಮೇಲ್ಮೈವರೆಗಿನ ಅಳತೆ. ಆದರೆ ನಾಲ್ಕು ಪುಟ ಮುಂದೆ ಸ್ಲ್ಯಾಬನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಇಡೀ ವಿಸ್ತೀರ್ಣಕ್ಕೆ 0.125 ದಪ್ಪ ಹಾಕಿ ಅಳೆದಿದ್ದರು. ಬೀಮಿನ ನೆತ್ತಿಯ ಮೇಲಿನ 125 ಮಿಲಿಮೀಟರ್ ಕಾಂಕ್ರೀಟ್ ಹೀಗೆ ಎರಡು ಕಡೆ ಹತ್ತಿತು: ಒಮ್ಮೆ ಬೀಮಾಗಿ, ಒಮ್ಮೆ ಸ್ಲ್ಯಾಬಾಗಿ. ಸ್ಲ್ಯಾಬನ್ನು ಪೂರ್ತಿ ಅಳೆದ ಮೇಲೆ ಬೀಮಿಗೆ ಉಳಿಯುವ ಆಳ 0.325 ಮಾತ್ರ. ಆ ಸಾಲಿನ ಪ್ರಮಾಣ 1.73 ಆಗಬೇಕಿತ್ತು.

ಒಂದು ಸಾಲಿನಲ್ಲಿ ಮುಕ್ಕಾಲು ಘನ ಮೀಟರಿಗೂ ಕಡಿಮೆ ವ್ಯತ್ಯಾಸ. ಆದರೆ ಒಳಗಿನ ಬೀಮುಗಳ ಒಟ್ಟು ಉದ್ದ ಒಂದು ಮಹಡಿಗೆ 186 ಮೀಟರ್. ಮೀಟರಿಗೆ 0.23 ಗುಣಿಸು 0.125, ಅಂದರೆ ಮಹಡಿಗೆ 5.35 ಘನ ಮೀಟರ್ ಇಲ್ಲದ ಕಾಂಕ್ರೀಟ್. ಕರಾರಿನ ದರ ಘನ ಮೀಟರಿಗೆ 7,200 ರೂಪಾಯಿಯಂತೆ 38,520 ರೂಪಾಯಿ. ಕಾಂಕ್ರೀಟಿನಲ್ಲಿ ಈ ತಪ್ಪು ಇದ್ದಲ್ಲಿ ಸೆಂಟ್ರಿಂಗಿನಲ್ಲೂ ಇದ್ದೇ ಇರುತ್ತದೆ, ಅಲ್ಲಿ ಇನ್ನೂ ದೊಡ್ಡದಾಗಿ. ಬೀಮಿನ ಎರಡು ಬದಿಗೂ 0.45 ಹಿಡಿದಿದ್ದರು. ಹಲಗೆ ತಾಗುವುದು 0.325ಕ್ಕೆ ಮಾತ್ರ, ಹಾಗಾಗಿ ಎರಡು ಬದಿ ಸೇರಿ ಕಾಲು ಮೀಟರ್ ಹೆಚ್ಚು. ಅದರ ಮೇಲೆ ಸ್ಲ್ಯಾಬಿನ ಅಡಿಯ ಸೆಂಟ್ರಿಂಗನ್ನು ಬೀಮಿನ ಅಗಲವನ್ನೂ ಸೇರಿಸಿಯೇ ಅಳೆದು, ಬೀಮಿನ ತಳವನ್ನು ಮತ್ತೆ ಬೇರೆಯಾಗಿ ಹಾಕಿದ್ದರು. ಅದೊಂದು 0.23. ಒಟ್ಟು ಮೀಟರಿಗೆ 0.48 ಚದರ ಮೀಟರ್, 186 ಮೀಟರಿಗೆ 89.28 ಚದರ ಮೀಟರ್, 520 ರೂಪಾಯಿಯ ದರದಲ್ಲಿ 46,426 ರೂಪಾಯಿ. ಸೆಂಟ್ರಿಂಗಿನ ಅಳತೆಗೆ ನಿಯಮ ಸರಳ: ಕಾಂಕ್ರೀಟಿಗೆ ತಾಗಿರುವ ಮೇಲ್ಮೈಯಷ್ಟೇ ಲೆಕ್ಕ. ಹಲಗೆ ಹೊಡೆಯದ ಜಾಗಕ್ಕೆ ಹಣ ಕೇಳಿದ್ದಾರೆಯೇ ಎಂದು ಯಾರಾದರೂ ಒಮ್ಮೆ ಮನಸ್ಸಿನಲ್ಲೇ ಸೆಂಟ್ರಿಂಗ್ ಬಿಚ್ಚಿ ನೋಡಿದ್ದರೆ ಸಾಕಿತ್ತು.

ಇದು ಮೋಸವೇ? ನನಗೆ ಹಾಗೆನ್ನಿಸಲಿಲ್ಲ. ಅಳತೆ ಹಾಳೆ ಬರೆದ ಹುಡುಗ ಬೀಮಿಗೆ ಒಂದು ಶೀಟು, ಸ್ಲ್ಯಾಬಿಗೆ ಒಂದು ಶೀಟು ತೆರೆದು, ಎರಡನ್ನೂ ನಕ್ಷೆಯಿಂದಲೇ ತುಂಬಿದ್ದ. ನಕ್ಷೆಯಲ್ಲಿ ಬೀಮು 230 × 450 ಎಂದೇ ಬರೆದಿರುತ್ತಾರೆ. ಅಳತೆಯನ್ನು ಸೈಟಿನಿಂದ ತೆಗೆಯದೆ ಕಚೇರಿಯಲ್ಲಿ ಕೂತು ನಕ್ಷೆಯಿಂದ ಇಳಿಸಿದ್ದಾರೆ ಎನ್ನುವುದಕ್ಕೆ ಈ ತಪ್ಪೇ ಒಳ್ಳೆಯ ಗುರುತು. ಇನ್ನೊಂದು ಗುರುತು, ಎಲ್ಲ ಕೋಣೆಗಳೂ ಸೆಂಟಿಮೀಟರ್ ವ್ಯತ್ಯಾಸವಿಲ್ಲದೆ ಒಂದೇ ಅಳತೆ ಬರುವುದು. ಗಾರೆಯವರು ಕಟ್ಟಿದ ಇಪ್ಪತ್ತನಾಲ್ಕು ಕೋಣೆ ಹಾಗೆ ಬರುವುದಿಲ್ಲ.

ಈಗ ಇನ್ನೊಂದು ಬದಿಯ ತಪ್ಪು. ಅದೇ ಹಾಳೆಯಲ್ಲಿ ನೆಲಮಹಡಿಯ ಒಳ ಪ್ಲಾಸ್ಟರಿಂಗ್ ಇತ್ತು. ಅಲ್ಲಿ ಟ್ರಸ್ಟಿನ ಸೂಪರ್‌ವೈಸರ್ ಕೆಂಪು ಶಾಯಿಯಲ್ಲಿ ಬಾಗಿಲುಗಳನ್ನು ಕಳೆದಿದ್ದರು: 24 ಬಾಗಿಲು, ಒಂದೊಂದು 1.0 × 2.1, ಗೋಡೆಯ ಎರಡೂ ಮುಖಕ್ಕೆ, ಒಟ್ಟು 100.8 ಚದರ ಮೀಟರ್. ನೋಡುವವರಿಗೆ ಇದು ಬಹಳ ಕಟ್ಟುನಿಟ್ಟಾದ ತಪಾಸಣೆ. ಆದರೆ ಕಟ್ಟಡ ಕಾಮಗಾರಿಯ ಅಳತೆ ಪದ್ಧತಿಗೆ ನಮ್ಮಲ್ಲಿ ಐಎಸ್ 1200 ಎಂಬ ಭಾರತೀಯ ಮಾನಕ ಇದೆ, ಈ ಕರಾರೂ ಅದನ್ನೇ ಹೇಳಿತ್ತು. ಅದರ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಪ್ಲಾಸ್ಟರಿನಲ್ಲಿ ಕಡಿತವೇ ಇಲ್ಲ. ಅರ್ಧದಿಂದ ಮೂರು ಚದರ ಮೀಟರ್‌ವರೆಗೆ, ಎರಡೂ ಮುಖಕ್ಕೆ ಒಂದೇ ಬಗೆಯ ಪ್ಲಾಸ್ಟರ್ ಇದ್ದರೆ ಒಂದು ಮುಖಕ್ಕೆ ಮಾತ್ರ ಕಡಿತ. ಮೂರು ಮೀರಿದರೆ ಎರಡೂ ಮುಖ ಕಳೆದು, ತೆರಪಿನ ಪಕ್ಕೆ, ನೆತ್ತಿಗಳನ್ನು ಅಳೆದು ಸೇರಿಸಬೇಕು. ಬಾಗಿಲಿನ ಸುತ್ತ ಗೋಡೆಯ ದಪ್ಪಕ್ಕೆ ಗಾರೆ ಬಳಿದು ಮೂಲೆ ಕೂರಿಸುವುದು ಬರೀ ಗೋಡೆಗೆ ಬಳಿಯುವುದಕ್ಕಿಂತ ಹೆಚ್ಚು ಕೈಕೆಲಸ. ಅದನ್ನು ಬೇರೆ ಅಳೆಯುವ ರಗಳೆ ಬೇಡ, ಅದರ ಬದಲಿಗೆ ಒಂದು ಮುಖ ಬಿಟ್ಟುಕೊಡಿ ಎನ್ನುವುದು ಆ ನಿಯಮದ ಹಿಂದಿನ ವಿವೇಕ. 2.1 ಚದರ ಮೀಟರಿನ ಬಾಗಿಲು ನಡುವಿನ ವರ್ಗದ್ದು. ಕಡಿತ 50.4 ಆಗಬೇಕಿತ್ತು, ಉಳಿದ 50.4 ಚದರ ಮೀಟರ್, 310 ರೂಪಾಯಿಯಂತೆ 15,624 ರೂಪಾಯಿ, ಕಂಟ್ರಾಕ್ಟರಿಗೆ ವಾಪಸ್ ಹೋಗಬೇಕಾದ ಹಣ. ಕೆಂಪು ಶಾಯಿಯನ್ನೂ ಪರೀಕ್ಷಿಸದ ತಪಾಸಣೆ ಅರ್ಧ ತಪಾಸಣೆ.

ಒಂದನೇ ಮಹಡಿಯ ಬೀಮಿನಲ್ಲಿ ಸಿಕ್ಕ ತಪ್ಪು ನೆಲಮಹಡಿಯ ಸ್ಲ್ಯಾಬಿನ ಬೀಮುಗಳಲ್ಲೂ ಇರಬೇಕಲ್ಲ? ಇತ್ತು, ಅಷ್ಟೇ ಉದ್ದ, ಅಷ್ಟೇ ಆಳ. ಅದು ಎರಡನೇ ಬಿಲ್ಲಿನಲ್ಲಿ ಪಾವತಿಯೂ ಆಗಿಹೋಗಿತ್ತು. ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಮೇಷ್ಟರು, ‘ಕೊಟ್ಟುಬಿಟ್ಟಿದ್ದೀವಲ್ಲ ಸಾರ್, ಈಗ ಕೇಳಿದರೆ ಜಗಳ ಆಗುತ್ತೆ’ ಎಂದರು. ಇಲ್ಲೇ ಆ ನಮೂನೆಯ ಗುಣ ಕೆಲಸಕ್ಕೆ ಬರುವುದು. ಕೇಳುವುದೇನೂ ಇಲ್ಲ. ಇಲ್ಲಿಯವರೆಗೆ ಎಂಬ ಕಾಲಂನಲ್ಲಿ ಕಾಂಕ್ರೀಟಿನ ಒಟ್ಟು ಪ್ರಮಾಣದಿಂದ ಎರಡೂ ಮಹಡಿಯ 10.70 ಘನ ಮೀಟರ್, ಸೆಂಟ್ರಿಂಗಿನಿಂದ 178.56 ಚದರ ಮೀಟರ್ ಇಳಿಸಿದರೆ ಮುಗಿಯಿತು. ಹಿಂದಿನದು ಎಂಬ ಕಾಲಂ ಇದ್ದ ಹಾಗೇ ಇರಲಿ, ಕಳೆದಾಗ ವ್ಯತ್ಯಾಸವೇ ಸರಿಹೋಗುತ್ತದೆ. ಎರಡೂ ಸೇರಿ 1,69,891 ರೂಪಾಯಿ ಇಳಿಯಿತು, ಪ್ಲಾಸ್ಟರಿನ 15,624 ಏರಿತು. 90 ಲಕ್ಷ ಎಂದಿದ್ದದ್ದು 88,45,733 ಆಯಿತು.

ಖಾಸಗಿ ಕೆಲಸಗಳಲ್ಲಿ ಈಗ ಬೆಳೆಯುತ್ತಿರುವ ಅಭ್ಯಾಸದ ಮೇಲೆ ನನಗಿರುವ ದೊಡ್ಡ ಆಕ್ಷೇಪವೂ ಇದೇ. ಜಿಎಸ್‌ಟಿ ಇನ್‌ವಾಯ್ಸ್ ಹೇಗೂ ಬಿಲ್ಲಿಗೊಂದರಂತೆ ಬೇಕು ಎಂದು, ಅಳತೆಯನ್ನೂ ಬಿಲ್ಲಿಗೊಂದರಂತೆ ತುಂಡು ಮಾಡಿ ಕೊಡುತ್ತಾರೆ: ‘ಈ ತಿಂಗಳ ಕೆಲಸ’ ಎಂದು ಹೊಸ ಶೀಟು, ಹಿಂದಿನದರ ಸುದ್ದಿಯೇ ಇಲ್ಲ. ಆಗ ಹಿಂದಿನ ತಪ್ಪಿಗೆ ಹೋಗಲು ದಾರಿಯಿಲ್ಲ. ಅದಕ್ಕಿಂತ ಕೆಟ್ಟದ್ದು, ಎರಡನೇ ಬಿಲ್ಲಿನಲ್ಲಿ ಅಳೆದ ಗೋಡೆ ನಾಲ್ಕನೆಯದರಲ್ಲಿ ಮತ್ತೆ ಬಂದರೂ ಗೊತ್ತಾಗುವುದಿಲ್ಲ. ಸರ್ಕಾರಿ ಕೆಲಸದ ಎಂಬಿ, ಅಂದರೆ ಅಳತೆ ಪುಸ್ತಕ, ಪುಟಗಳಿಗೆ ಅಚ್ಚಿನ ನಂಬರ್ ಹಾಕಿಸಿಕೊಂಡು, ಒಂದು ಹಾಳೆಯನ್ನೂ ಹರಿಯಬಾರದು, ತಪ್ಪಾದದ್ದನ್ನು ಅಳಿಸದೆ ಗೆರೆ ಎಳೆದು ಸಣ್ಣ ಸಹಿ ಹಾಕಬೇಕು, ಬಿಲ್ಲಿಗೆ ತೆಗೆದುಕೊಂಡ ಅಳತೆಯನ್ನು ಕೆಂಪು ಶಾಯಿಯ ಓರೆಗೆರೆಯಿಂದ ಹೊಡೆಯಬೇಕು ಎಂದೆಲ್ಲ ಹಠ ಹಿಡಿಯುವುದು ಇದೇ ಕಾರಣಕ್ಕೆ. ಆ ಪುಸ್ತಕದಲ್ಲಿ ಸುಳ್ಳು ಬರೆಯುವವರು ಬರೆಯುತ್ತಾರೆ, ಅದು ಗೊತ್ತಿಲ್ಲದ ಕನ್ನಡಿಗನಿಲ್ಲ. ಆದರೂ ಬರೆದ ಸುಳ್ಳು ಬರೆದ ಜಾಗದಲ್ಲೇ ಉಳಿಯುತ್ತದೆ. ಎಕ್ಸೆಲ್ ಹಾಳೆಯಲ್ಲಿ ಅದೂ ಉಳಿಯುವುದಿಲ್ಲ.

ಅಳತೆಗೆ ಇಷ್ಟು ಎಚ್ಚರ ವಹಿಸಿದ ನಮೂನೆ, ಕಡಿತದ ಭಾಗಕ್ಕೆ ಬಂದಕೂಡಲೇ ಅಲಕ್ಷ್ಯಕ್ಕೆ ಇಳಿಯುತ್ತದೆ. ಕೆಲಸಕ್ಕೆ ಮೂರು ಕಾಲಂ, ಕಡಿತಕ್ಕೆ ಒಂದೇ. ಮುಂಗಡ ವಸೂಲಿ ಇಷ್ಟು, ರಿಟೆನ್ಷನ್ ಇಷ್ಟು, ಈ ಬಿಲ್ಲಿಗೆ ಮಾತ್ರ. ಇಲ್ಲಿಯವರೆಗೆ ಎಷ್ಟು ಬರಬೇಕಿತ್ತು, ಎಷ್ಟು ಬಂದಿದೆ ಎಂಬುದು ಹಾಳೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ಅಳತೆಯ ತಪ್ಪು ಮುಂದಿನ ಬಿಲ್ಲಿನಲ್ಲಿ ಸರಿಹೋದರೂ, ಕಡಿತದ ತಪ್ಪು ಬಿಲ್ಲಿನಿಂದ ಬಿಲ್ಲಿಗೆ ಹಾಗೇ ಕೂಡುತ್ತ ಹೋಗುತ್ತದೆ.

ಮುಂಗಡವನ್ನೇ ನೋಡಿ. ಕರಾರಿನ ಷರತ್ತನ್ನು ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಷರತ್ತುಗಳ ಮಾದರಿಯಲ್ಲೇ ಬರೆದುಕೊಂಡಿದ್ದರು, ಬಡ್ಡಿಯೊಂದನ್ನು ಕೈಬಿಟ್ಟು. ಕೆಲಸದ ಮೌಲ್ಯ ಕರಾರಿನ 10% ತಲುಪುವವರೆಗೆ ವಸೂಲಿ ಇಲ್ಲ. ಅಲ್ಲಿಂದ ಶುರುವಾಗಿ 80% ಮುಟ್ಟುವಷ್ಟರಲ್ಲಿ ಇಡೀ ಮುಂಗಡ ತೀರಿರಬೇಕು. ಎರಡು ಕೋಟಿಗೆ ಹಚ್ಚಿದರೆ 20 ಲಕ್ಷದಿಂದ 1 ಕೋಟಿ 60 ಲಕ್ಷದ ನಡುವೆ, ಅಂದರೆ 1 ಕೋಟಿ 40 ಲಕ್ಷದ ಕೆಲಸದಲ್ಲಿ 20 ಲಕ್ಷ ವಸೂಲಾಗಬೇಕು. ಏಳರಲ್ಲಿ ಒಂದು ಪಾಲು. ಯಾವ ಬಿಲ್ಲಿನಲ್ಲಾದರೂ ಇಲ್ಲಿಯವರೆಗಿನ ಕೆಲಸದಿಂದ 20 ಲಕ್ಷ ಕಳೆದು ಏಳರಿಂದ ಭಾಗಿಸಿದರೆ ಇಲ್ಲಿಯವರೆಗೆ ವಸೂಲಾಗಿರಬೇಕಾದ ಮೊತ್ತ ಸಿಗುತ್ತದೆ. ಬಾಯಿಲೆಕ್ಕದಲ್ಲೇ ಮಾಡಬಹುದು.

ಟ್ರಸ್ಟಿನ ಗುಮಾಸ್ತರು ಮಾಡುತ್ತಿದ್ದ ಲೆಕ್ಕ ಬೇರೆ. ಮುಂಗಡ ಕೊಟ್ಟದ್ದು 10%, ಆದ್ದರಿಂದ ಪ್ರತಿ ಬಿಲ್ಲಿನಲ್ಲೂ 10% ಹಿಡಿಯುವುದು. ಕಂಟ್ರಾಕ್ಟರೂ ಅದನ್ನೇ ಒಪ್ಪಿಕೊಂಡು ಬಂದಿದ್ದರು. ಕೇಳಲು ನ್ಯಾಯವಾಗಿದೆ, ಬಹಳ ಕಡೆ ನಡೆಯುವುದೂ ಹೀಗೆಯೇ. ಆದರೆ ಇದು ಆರಂಭದಲ್ಲಿ ಒಬ್ಬರನ್ನು ಹಿಂಡಿ ಕೊನೆಯಲ್ಲಿ ಇನ್ನೊಬ್ಬರನ್ನು ಹಿಂಡುವ ಲೆಕ್ಕ. ಮೊದಲ ಬಿಲ್ಲು 25 ಲಕ್ಷದ್ದು. ಷರತ್ತಿನಂತೆ 71,429 ರೂಪಾಯಿ ಹಿಡಿಯಬೇಕಿದ್ದಲ್ಲಿ ಎರಡೂವರೆ ಲಕ್ಷ ಹಿಡಿದರು. ಕಬ್ಬಿಣ, ಸಿಮೆಂಟಿಗೆ ಕಂಟ್ರಾಕ್ಟರ್ ಕೈಯಲ್ಲಿ ಹಣ ಇರಲಿ ಎಂದೇ ಕೊಟ್ಟ ಮುಂಗಡವನ್ನು, ಅದು ಕೆಲಸಕ್ಕೆ ಬರುವ ಮೊದಲೇ ಕಿತ್ತುಕೊಂಡ ಹಾಗಾಯಿತು. ಎರಡನೇ ಬಿಲ್ಲಿನ ಹೊತ್ತಿಗೆ 5 ಲಕ್ಷಕ್ಕೆ ಬದಲು ಐದೂವರೆ. ಕೆಲಸ 66 ಲಕ್ಷ 67 ಸಾವಿರದ ಆಸುಪಾಸಿಗೆ ಬಂದಾಗ ಎರಡೂ ಲೆಕ್ಕ ಒಂದಾಗುತ್ತವೆ. ಅಲ್ಲಿಂದಾಚೆಗೆ ಗಾಳಿ ತಿರುಗುತ್ತದೆ. 1 ಕೋಟಿ 60 ಲಕ್ಷದ ಕೆಲಸ ಮುಗಿದಾಗ ಷರತ್ತಿನಂತೆ ಮುಂಗಡ ಪೂರ್ತಿ ತೀರಿರಬೇಕು. 10% ಲೆಕ್ಕದಲ್ಲಿ ಇನ್ನೂ 4 ಲಕ್ಷ ಕಂಟ್ರಾಕ್ಟರ್ ಹತ್ತಿರವೇ ಇರುತ್ತದೆ.

ಆ 4 ಲಕ್ಷ ಹೊರಗಿರುವ ಸಮಯವನ್ನು ಗಮನಿಸಬೇಕು. ಉಳಿದಿರುವುದು ಬಣ್ಣ, ಬಾಗಿಲ ರೆಕ್ಕೆ, ಕೊಳಾಯಿ ಜೋಡಣೆ, ಕಾಂಪೌಂಡ್. ಲಾಭವಿಲ್ಲದ, ಕಿರಿಕಿರಿಯ ಕೆಲಸ. ಕಂಟ್ರಾಕ್ಟರುಗಳು ಸೈಟಿಗೆ ಬರುವುದನ್ನು ಕಡಿಮೆ ಮಾಡುವುದೇ ಆಗ. ಟ್ರಸ್ಟು ಹಣ ಸಾಲದೆ ಕಾಂಪೌಂಡನ್ನು ಕೈಬಿಟ್ಟು ಕೆಲಸ 1 ಕೋಟಿ 75 ಲಕ್ಷಕ್ಕೇ ನಿಂತರೆ, 10% ಲೆಕ್ಕದಲ್ಲಿ ವಸೂಲಾಗುವುದು ಹದಿನೇಳೂವರೆ ಲಕ್ಷ. ಉಳಿದ ಎರಡೂವರೆ ಲಕ್ಷವನ್ನು ಹಿಡಿಯಲು ಬಿಲ್ಲೇ ಇರುವುದಿಲ್ಲ. 80% ಎಂಬ ಗಡಿಯನ್ನು ಷರತ್ತಿನಲ್ಲಿ ಇಟ್ಟದ್ದೇ ಇದಕ್ಕಾಗಿ.

ಮೂರನೇ ಬಿಲ್ಲಿಗೆ ಲೆಕ್ಕ ಹೀಗಾಯಿತು. 88,45,733ರಿಂದ 20 ಲಕ್ಷ ಕಳೆದು ಏಳರಿಂದ ಭಾಗಿಸಿದರೆ 9,77,962. ಹಿಂದೆ ಹಿಡಿದದ್ದು 5,50,000. ಈ ಬಿಲ್ಲಿನಲ್ಲಿ ಹಿಡಿಯಬೇಕಾದದ್ದು 4,27,962. ಮೊದಲ ಬಿಲ್ಲಿನಲ್ಲಿ ಹೆಚ್ಚು ಹಿಡಿದದ್ದೂ ಇದರೊಳಗೇ ಹೊಂದಿಕೊಂಡಿತು. (ಸೈಟಿಗೆ ತಂದಿಟ್ಟ ಸಾಮಾನಿನ ಮೇಲೆ ಕೊಡುವ ಸೆಕ್ಯೂರ್ಡ್ ಅಡ್ವಾನ್ಸ್ ಈ ಕರಾರಿನಲ್ಲಿ ಇರಲಿಲ್ಲ. ಇದ್ದಲ್ಲಿ ಇನ್ನೊಂದು ಕಣ್ಣು ಬೇಕು: ಹಿಂದಿನ ಬಿಲ್ಲಿನಲ್ಲಿ ಸ್ಟಾಕಾಗಿ ಹಣ ಪಡೆದ ಕಬ್ಬಿಣ, ಈ ಬಿಲ್ಲಿನಲ್ಲಿ ಸ್ಲ್ಯಾಬಿನೊಳಗಿನ ಕಂಬಿಯಾಗಿ ಮತ್ತೆ ಹಣ ಪಡೆಯುತ್ತದೆ. ಹಳೆಯ ಸ್ಟಾಕಿನ ಅಡ್ವಾನ್ಸನ್ನು ಪೂರ್ತಿ ಚುಕ್ತಾ ಮಾಡಿ, ಈಗ ರಾಶಿಯಲ್ಲಿ ಕಾಣುವುದಕ್ಕೆ ಮಾತ್ರ ಹೊಸದಾಗಿ ಕೊಡುವುದು ಕ್ಷೇಮ.)

ರಿಟೆನ್ಷನ್‌ನಲ್ಲಿದ್ದ ತಪ್ಪು ಚಿಕ್ಕದು, ಆದರೆ ಹೆಚ್ಚು ಸಾಮಾನ್ಯವಾದದ್ದು. 35 ಲಕ್ಷದ 5% ಎಂದರೆ 1,75,000. ಬಿಲ್ಲಿನಲ್ಲಿ 1,57,500 ಇತ್ತು. ಮುಂಗಡ ವಸೂಲಿಯನ್ನು ಮೊದಲು ಕಳೆದು, ಉಳಿದ 31,50,000ಕ್ಕೆ 5% ಹಾಕಿದ್ದರಿಂದ ಹಾಗಾಗಿತ್ತು. ಕೈಗೆ ಕೊಡುವ ಹಣದ ಮೇಲಲ್ಲವೇ ಹಿಡಿಯುವುದು ಎನ್ನುವುದು ಅವರ ತರ್ಕ. ಆದರೆ ರಿಟೆನ್ಷನ್ ಹಿಡಿಯುವುದು ಮಾಡಿದ ಕೆಲಸದಲ್ಲಿ ದೋಷ ಬಂದರೆ ರಿಪೇರಿಗೆ ಇರಲಿ ಎಂದು. ಸೋರುವುದು ಸ್ಲ್ಯಾಬು, ಅದರ ಹಣ ಮುಂಗಡವಾಗಿ ಹೋಯಿತೋ ಬಿಲ್ಲಿನಲ್ಲಿ ಹೋಯಿತೋ ನೀರಿಗೆ ಗೊತ್ತಿಲ್ಲ. ಆದ್ದರಿಂದ ಒಟ್ಟು ಕೆಲಸದ ಮೇಲೆಯೇ 5%. ಹಿಂದಿನ ಎರಡು ಬಿಲ್ಲಿನಲ್ಲೂ ಹೀಗೆಯೇ ಮಾಡಿ 2,47,500 ಮಾತ್ರ ಹಿಡಿದಿದ್ದರು. ಇಲ್ಲಿಯವರೆಗೆ ಇರಬೇಕಾದದ್ದು 4,42,287. ಈ ಬಿಲ್ಲಿಗೆ 1,94,787. ತಪ್ಪು ಹಾಗೇ ಮುಂದುವರಿದಿದ್ದರೆ ಕೊನೆಗೆ 10 ಲಕ್ಷಕ್ಕೆ ಬದಲು 9 ಲಕ್ಷ ಮಾತ್ರ ಕೈಯಲ್ಲಿರುತ್ತಿತ್ತು.

ತೆರಿಗೆಯ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ, ಅದು ಆಡಿಟರ ಕ್ಷೇತ್ರ. ಒಂದು ಮಾತು ಮಾತ್ರ. ಈ ಎರಡು ಕಡಿತಗಳಿಂದ ಆದ ಕೆಲಸದ ಮೌಲ್ಯ ಕಡಿಮೆಯಾಗುವುದಿಲ್ಲ. ನಿವ್ವಳದ ಮೇಲೆ ಜಿಎಸ್‌ಟಿ ಹಾಕಿಕೊಂಡು ಬಂದ ಬಿಲ್ಲನ್ನು ಕಂಡರೆ ಅಲ್ಲೇ ನಿಲ್ಲಿಸಿ ವಿವರಣೆ ಕೇಳಬೇಕು.

ತಿದ್ದಿದ ಬಿಲ್ಲಿನಲ್ಲಿ ಈ ಸಲದ ಕೆಲಸ 33,45,733, ಎರಡೂ ಕಡಿತ ಹೋಗಿ ನಿವ್ವಳ 27,22,984. ಕೇಳಿದ್ದಕ್ಕಿಂತ 2,69,516 ಕಡಿಮೆ. ಟ್ರಸ್ಟಿನ ಸಭೆಯಲ್ಲಿ ಇದನ್ನು ‘ಎರಡೂ ಮುಕ್ಕಾಲು ಲಕ್ಷ ಉಳಿಸಿದರು’ ಎಂದು ಹೇಳಿಕೊಂಡರು. ಅದು ಸುಳ್ಳು. ಉಳಿದದ್ದು 1,54,267 ಮಾತ್ರ, ಅದು ಅಳತೆಯದು, ಆಗದ ಕೆಲಸಕ್ಕೆ ಕೇಳಿದ್ದ ಹಣ. ಮುಂಗಡದಲ್ಲಿ ಹೆಚ್ಚು ಹಿಡಿದ 77,962 ಮೊದಲೇ ಕೊಟ್ಟಿದ್ದ ಸಾಲದ ವಾಪಸಾತಿ. ಈಗ ಬಾರದಿದ್ದರೆ ಮುಂದೆ ಬರಬೇಕಿದ್ದದ್ದು. ರಿಟೆನ್ಷನ್‌ನ 37,287 ಟ್ರಸ್ಟಿನದ್ದೇ ಅಲ್ಲ. ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ‘ಡಿಡಕ್ಷನ್’ ಎಂದು ಬರೆಯುವ ಪದ್ಧತಿಯೇ ಈ ಗೊಂದಲಕ್ಕೆ ತಾಯಿ. ಕಂಟ್ರಾಕ್ಟರ್ ಅಳತೆಯ ತಿದ್ದುಪಡಿಯನ್ನು ಅರ್ಧ ಗಂಟೆ ವಾದಿಸಿ ಒಪ್ಪಿಕೊಂಡರು. ಅವರಿಗೆ ನೋವಾದದ್ದು ಬೇರೆ ಕಡೆ. ‘ಅಳತೆ ತಪ್ಪಿದ್ರೆ ಕಡೀರಿ ಸಾರ್, ಬೇಡ ಅನ್ನಲ್ಲ. ಡೆಪಾಸಿಟ್ಟು ನನ್ನ ದುಡ್ಡು. ಅದನ್ನೂ ಕಡಿದ್ವಿ ಅಂತ ಮೀಟಿಂಗಲ್ಲಿ ಹೇಳ್ಕೊಂಡ್ರೆ, ನಾಳೆ ವಾಪಸ್ ಕೊಡೋವಾಗ ಇವರ ಮನೆ ದುಡ್ಡು ಕೊಟ್ಟಂಗೆ ಆಡ್ತಾರೆ’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹಾಗಾಗಿ ನಮೂನೆಯನ್ನೇ ಬದಲಿಸಿದೆವು. ಮುಂಗಡಕ್ಕೂ ರಿಟೆನ್ಷನ್‌ಗೂ ಕೆಲಸಕ್ಕಿರುವ ಹಾಗೆ ಮೂರು ಕಾಲಂ, ಅದರ ಪಕ್ಕದಲ್ಲಿ ಬಾಕಿಯ ಕಾಲಂ ಒಂದು: ಮುಂಗಡದಲ್ಲಿ ಕಂಟ್ರಾಕ್ಟರ್ ಇನ್ನೂ ಕೊಡಬೇಕಾದದ್ದು 10,22,038, ರಿಟೆನ್ಷನ್‌ನಲ್ಲಿ ಟ್ರಸ್ಟು ಇಟ್ಟುಕೊಂಡಿರುವ ಅವರ ಹಣ 4,42,287. ಎರಡೂ ಎದುರುಬದುರು ಕಾಣುವಂತಾದ ಮೇಲೆ ಮೇಷ್ಟರಿಗೂ ಬಿಲ್ಲು ಓದಲು ಬಂತು.

ಇಷ್ಟಾದರೂ ಈ ಬಿಲ್ಲು ಹೇಳಲಾಗದ ಸಂಗತಿಗಳಿವೆ. ಬೀಮಿನ ಗಾತ್ರ ಅದಕ್ಕೆ ಗೊತ್ತು, ಗಟ್ಟಿತನ ಗೊತ್ತಿಲ್ಲ. ಕ್ಯೂಬ್ ಟೆಸ್ಟಿನ ವರದಿ ಬೇರೆ ಕಡತದಲ್ಲಿರುತ್ತದೆ, ಅದನ್ನು ಕೇಳದೆ ಕಾಂಕ್ರೀಟಿನ ಸಾಲಿಗೆ ಸಹಿ ಹಾಕುವುದು ನಡೆದೇ ಇದೆ. ಪಾಯದ ಅಗೆತ, ಬೆಡ್ ಕಾಂಕ್ರೀಟು ಮಣ್ಣು ಮುಚ್ಚಿದ ಮೇಲೆ ಯಾವ ಟೇಪಿಗೂ ಸಿಗುವುದಿಲ್ಲ. ಅಲ್ಲಿ ಅಳತೆ ಬರೆದ ದಿನಾಂಕ ಮಣ್ಣು ಮುಚ್ಚಿದ ದಿನಾಂಕಕ್ಕಿಂತ ಹಿಂದಿನದೇ ಎಂದು ನೋಡುವುದಷ್ಟೇ ತಪಾಸಿಗನ ಕೈಯಲ್ಲಿರುವುದು. ಒಟ್ಟುಗೂಡುವ ಲೆಕ್ಕದ ಗುಣವೂ ಅಲ್ಲಿ ಕೈಕೊಡುತ್ತದೆ, ಏಕೆಂದರೆ ಮತ್ತೆ ಅಳೆಯಲು ಅಲ್ಲಿ ಏನೂ ಕಾಣುವುದಿಲ್ಲ.

ರಿಟೆನ್ಷನ್ ಹಿಡಿಯುವ ಬಗ್ಗೆ ಇಷ್ಟು ಚೊಕ್ಕವಾಗಿರುವ ಯಜಮಾನರು ಬಿಡುವ ವಿಷಯದಲ್ಲಿ ಅಷ್ಟು ಚೊಕ್ಕವಾಗಿರುವುದಿಲ್ಲ. ಈ ಕರಾರಿನಂತೆ ಕೆಲಸ ಮುಗಿದಾಗ ಅರ್ಧ, ದೋಷ ಹೊಣೆಯ 12 ತಿಂಗಳು ಕಳೆದ ಮೇಲೆ ಉಳಿದರ್ಧ. ಒಂದು ಇಡೀ ಮಳೆಗಾಲ ಕಟ್ಟಡದ ಮೇಲೆ ಹಾದುಹೋಗಲಿ ಎನ್ನುವುದು ಆ ಅವಧಿಯ ತಾತ್ಪರ್ಯ. ಆದರೆ 12 ತಿಂಗಳು ಎಣಿಸುವುದು ಕೆಲಸ ಮುಗಿದ ಪ್ರಮಾಣಪತ್ರದ ದಿನಾಂಕದಿಂದ. ಮಕ್ಕಳು ಬಂದು ಕೋಣೆ ಸೇರಿ, ಉದ್ಘಾಟನೆಯ ಕಲ್ಲು ಕೂತು, ಊಟದ ಮನೆಯಲ್ಲಿ ಒಲೆ ಹೊತ್ತಿದ ಮೇಲೂ, ಎರಡು ಕಿಟಕಿಯ ಚಿಲಕ ಬಾಕಿಯಿದೆ ಎಂದು ಆ ಪತ್ರ ಕೊಡದೆ ತಳ್ಳುವುದುಂಟು. ಪತ್ರವಿಲ್ಲದೆ ಮೊದಲ ಅರ್ಧವೂ ಇಲ್ಲ, ಎರಡನೇ ಅರ್ಧದ ಎಣಿಕೆಯೂ ಶುರುವಾಗುವುದಿಲ್ಲ. ಚಿಕ್ಕಪುಟ್ಟ ಬಾಕಿಯನ್ನು ಪಟ್ಟಿಮಾಡಿ, ಅದರ ಬೆಲೆಯಷ್ಟನ್ನೇ ತಡೆಹಿಡಿದು ಪತ್ರ ಕೊಡಬಹುದು. ಈ ಟ್ರಸ್ಟಿನ ಹೊಸ ನಮೂನೆಯ ಕೊನೆಯ ಹಾಳೆಯಲ್ಲಿ ಅದಕ್ಕಾಗಿ ಎರಡು ಖಾಲಿ ಜಾಗ ಬಿಡಿಸಿದ್ದೇನೆ: ಕಟ್ಟಡವನ್ನು ಬಳಕೆಗೆ ತೆಗೆದುಕೊಂಡ ದಿನ, ಮತ್ತು ರಿಟೆನ್ಷನ್ ವಾಪಸ್ ಕೊಡಬೇಕಾದ ದಿನ. ಎರಡನ್ನೂ ತುಂಬಬೇಕಾದದ್ದು ಕಂಟ್ರಾಕ್ಟರ್ ಅಲ್ಲ, ಟ್ರಸ್ಟು.